ದಾನಪತ್ರದ ಕರಡು ಓದುವಾಗ: ಅಮ್ಮನ ಸೈಟು, ಮಗಳಿಗೆ ಅರ್ಧ

ಮಂಡ್ಯದಲ್ಲಿ ಪತ್ರ ಬರೆಯುವ ಕಚೇರಿಯೊಂದರಲ್ಲಿ ನನ್ನ ಕೆಲಸ. ಟೈಪ್ ಆದ ಕರಡು ರಿಜಿಸ್ಟ್ರೇಷನ್‌ಗೆ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತದೆ. ಕಾಗುಣಿತದ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ದಾನಪತ್ರದಲ್ಲಿ ನಿಜವಾಗಿ ತೊಂದರೆ ಕೊಡುವುದು ಓದಲು ಸರಿಯಾಗಿಯೇ ಕಾಣುವ ವಾಕ್ಯಗಳು. ಇತ್ತೀಚೆಗೆ ಬಂದ ಒಂದು ಕರಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಹೆಸರು, ನಂಬರು ಬದಲಾಯಿಸಿದ್ದೇನೆ.

ವಿಧವೆ ತಾಯಿ. ಒಬ್ಬ ಮಗ, ಒಬ್ಬಳು ಮಗಳು. ತಾಯಿಯ ಹೆಸರಿನಲ್ಲಿ 60×40 ಅಡಿಯ ಸೈಟಿದೆ, ನಂಬರ್ 13 ಅಂದುಕೊಳ್ಳಿ. ಅದರ ಪಶ್ಚಿಮದ ಅರ್ಧವನ್ನು ಮಗಳಿಗೆ ದಾನ ಕೊಡಬೇಕು, ಪೂರ್ವದ ಅರ್ಧ ತಾಯಿಗೇ ಉಳಿಯಬೇಕು.

ಕರಡಿನ ಮೊದಲ ಪುಟದಲ್ಲೇ "ಸದರಿ ಸ್ವತ್ತು ನನ್ನ ಸ್ವಯಾರ್ಜಿತ ಸ್ವತ್ತಾಗಿದ್ದು, ಖಾತೆಯು ನನ್ನ ಹೆಸರಿನಲ್ಲಿರುತ್ತದೆ" ಅಂತ ಇತ್ತು. ಖಾತೆ ತಾಯಿ ಹೆಸರಿನಲ್ಲಿ ಇರುವುದು ನಿಜ. ಆದರೆ ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ಪತ್ರಗಳ ಪಟ್ಟಿ ಇರುವ ಇಸಿ ತೆಗೆದು ನೋಡಿದರೆ ಸೈಟು ಕೊಂಡವರು ಅವರ ಗಂಡ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿದೆ. ಪೌತಿ ಖಾತೆಯಿಂದ ಯಾರೂ ಪೂರ್ತಿ ಮಾಲೀಕರಾಗುವುದಿಲ್ಲ. ಗಂಡ ಉಯಿಲು ಬರೆಯದೆ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಗಂಡನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ತನ್ನ ಪಾಲಿಗಿಂತ ಹೆಚ್ಚು ದಾನ ಕೊಡಲು ಈ ತಾಯಿಗೆ ಹಕ್ಕೆಲ್ಲಿಂದ ಬರಬೇಕು?

ಇಸಿಯಲ್ಲಿ ಇನ್ನೊಂದು ಎಂಟ್ರಿಯೂ ಇತ್ತು. ಮಗ, ಮಗಳು ಇಬ್ಬರೂ ತಾಯಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರು, ರಿಜಿಸ್ಟರ್ ಕೂಡ ಆಗಿತ್ತು. ಗಂಡನ ತಾಯಿ ಮೊದಲೇ ತೀರಿಕೊಂಡಿದ್ದರು. ಅಂದರೆ ತಾಯಿಗೆ ಪೂರ್ತಿ ಹಕ್ಕು ಇದ್ದೇ ಇದೆ, ಕರಡು ಮಾತ್ರ ಅದನ್ನು ಹೇಳುತ್ತಿಲ್ಲ. "ಸ್ವಯಾರ್ಜಿತ" ಅನ್ನುವ ಒಂದು ಮಾತು ಇಡೀ ಕೊಂಡಿಯನ್ನು ನುಂಗಿ ಹಾಕಿತ್ತು. ನಾಳೆ ಮಗಳು ಬ್ಯಾಂಕಿಗೆ ಸಾಲಕ್ಕೆ ಹೋದರೆ, ಅಲ್ಲಿನ ವಕೀಲರು ಮೊದಲು ಕೇಳುವುದೇ ಇದನ್ನು. ಹಾಗಾಗಿ ಆ ವಾಕ್ಯ ತೆಗೆಸಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಸಿದೆ. ಗಂಡ ಕೊಂಡ ಕ್ರಯಪತ್ರದ ನಂಬರು, ತಾರೀಖು, ರಿಜಿಸ್ಟರ್ ಆದ ಕಚೇರಿ. ಆಮೇಲೆ ಮರಣದ ತಾರೀಖು, ವಾರಸುದಾರರು ಯಾರು ಯಾರು, ಬಿಡುಗಡೆ ಪತ್ರದ ವಿವರ. ಕೊನೆಯಲ್ಲಿ ಖಾತೆ.

ಮುಂದಿನ ಪುಟದಲ್ಲಿ "ಪ್ರತಿಫಲವನ್ನು ಪಡೆದುಕೊಂಡು" ಅನ್ನುವ ಮಾತು ಉಳಿದುಕೊಂಡಿತ್ತು. ಯಾವುದೋ ಕ್ರಯಪತ್ರದ ಫೈಲನ್ನು ತಿದ್ದಿ ದಾನಪತ್ರ ಮಾಡಿದ್ದರ ಗುರುತು ಅದು. ಪ್ರತಿಫಲ ಇಲ್ಲದೆ, ಸ್ವ ಇಚ್ಛೆಯಿಂದ ಕೊಟ್ಟರೆ ಮಾತ್ರ ದಾನ. ಕೊಡುವವರು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಳ್ಳಬೇಕು. ಆದ್ದರಿಂದ ಮಗಳು ಒಪ್ಪಿ ಸ್ವಾಧೀನ ಪಡೆದಿದ್ದಾಳೆ ಅನ್ನುವ ಸಾಲು ಇದೆಯೇ ಅಂತ ಬೆರಳಿಟ್ಟು ಹುಡುಕುತ್ತೇನೆ.

ಇನ್ನು ಸಂಬಂಧದ ವಿಷಯ. ಕರಡಿನ ಆರಂಭದಲ್ಲಿ ಮಗಳನ್ನು "ಕೋಂ" ಹಾಕಿ ಗಂಡನ ಹೆಸರಿನಿಂದ ಗುರುತಿಸಿದ್ದರು. ಬಿಡುಗಡೆ ಪತ್ರ ಆಗುವಾಗ ಅವಳಿಗೆ ಮದುವೆ ಆಗಿರಲಿಲ್ಲ, ಅಲ್ಲಿ ತಂದೆಯ ಹೆಸರಿದೆ. ಎರಡೂ ಪತ್ರ ಪಕ್ಕ ಪಕ್ಕ ಇಟ್ಟರೆ ಇಬ್ಬರು ಬೇರೆ ಹೆಂಗಸರು ಅನ್ನಿಸುತ್ತದೆ. ಜೊತೆಗೆ ತಾಯಿಗೆ ಅವಳು ಏನಾಗಬೇಕು ಅನ್ನುವುದು "ಕೋಂ" ಒಂದರಿಂದ ಗೊತ್ತಾಗುವುದಿಲ್ಲ. ಮೂರನೇ ಪುಟದಲ್ಲಂತೂ ಹಳೆಯ ಫೈಲಿನ "ನನ್ನ ಸೊಸೆಯಾದ ನಿಮಗೆ" ಹಾಗೇ ಇತ್ತು. "ದಾನ ಕೊಡುವವರ ಸ್ವಂತ ಮಗಳು, ಇಂಥವರ ಪತ್ನಿ, ಬಿಡುಗಡೆ ಪತ್ರದಲ್ಲಿ ಇಂಥವರ ಮಗಳು ಎಂದು ಸಹಿ ಮಾಡಿದವರು" ಅಂತ ಒಂದು ಕಡೆ ಪೂರ್ತಿ ಬರೆಸಿ, ಉಳಿದ ಕಡೆ "ಮಗಳು" ಅಂತ ಒಂದೇ ಮಾತು ಇಡಿಸಿದೆ.

ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಕುಟುಂಬದವರಿಗೆ ಕೊಡುವ ದಾನಕ್ಕೆ ನಿಗದಿತ ಮೊತ್ತದ ಸ್ಟಾಂಪು ಸಾಕು. ಹೊರಗಿನವರಿಗಾದರೆ ಕ್ರಯಪತ್ರದ ಹಾಗೆ ಆಸ್ತಿಯ ಬೆಲೆಯ ಮೇಲೆ ಕಟ್ಟಬೇಕು. ನಮ್ಮ ಕಡೆ ಹೆಂಗಸರು ಅಕ್ಕನ ಮಗನನ್ನೂ "ನನ್ನ ಮಗ" ಅಂತಲೇ ಹೇಳುತ್ತಾರೆ, ಪ್ರೀತಿಯಿಂದ. ಆದರೆ ಕಾಯ್ದೆ ಪಟ್ಟಿ ಮಾಡಿರುವ ಕುಟುಂಬದಲ್ಲಿ ಅಕ್ಕನ ಮಗ ಬರುವುದಿಲ್ಲ. ಅದಕ್ಕೇ ನಾನು ಸುಮ್ನೆ "ಮಗನಾ?" ಅಂತ ಕೇಳುವುದಿಲ್ಲ. "ನೀವೇ ಹೆತ್ತ ಮಗನಾ ಅಮ್ಮಾ, ಇಲ್ಲಾ ಅಕ್ಕ-ತಂಗಿ ಮಗನಾ?" ಅಂತ ಬಿಡಿಸಿ ಕೇಳುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರ. ಈ ಕರಡಿನ ಷೆಡ್ಯೂಲ್ ಹೀಗಿತ್ತು: ಪೂರ್ವಕ್ಕೆ ಸೈಟ್ ನಂಬರ್ 14, ಪಶ್ಚಿಮಕ್ಕೆ ಸೈಟ್ ನಂಬರ್ 12, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಸೈಟ್ ನಂಬರ್ 27. ಅಳತೆ ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30 ಅಡಿ, ಒಟ್ಟು 1200 ಚದರ ಅಡಿ.

ಹಳೆಯ ಕ್ರಯಪತ್ರದ ಜೊತೆ ಹೋಲಿಸಿದರೆ ನಾಲ್ಕೂ ದಿಕ್ಕು ಅಕ್ಷರಶಃ ಹೊಂದುತ್ತದೆ. ತಪ್ಪಿರುವುದು ಅಲ್ಲೇ. ಅದು ಪೂರ್ತಿ ಸೈಟಿನ ಚಕ್ಕುಬಂದಿ. ನಾವು ಕೊಡುತ್ತಿರುವುದು ಪಶ್ಚಿಮದ ಅರ್ಧ ಮಾತ್ರ. ಅದರ ಪೂರ್ವಕ್ಕೆ 14 ಇಲ್ಲ, ತಾಯಿ ಉಳಿಸಿಕೊಂಡ ಅರ್ಧವಿದೆ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಈ ಷೆಡ್ಯೂಲ್ ಹಾಗೇ ರಿಜಿಸ್ಟರ್ ಆಗಿದ್ದರೆ, ತಾಯಿ ಇಡೀ ಸೈಟು ಕೊಟ್ಟುಬಿಟ್ಟರು ಅಂತ ವಾದ ಮಾಡಲು ದಾರಿ ಸಿಗುತ್ತಿತ್ತು. ಅಣ್ಣ-ತಂಗಿ ಈಗ ಚೆನ್ನಾಗಿದ್ದಾರೆ. ಆದರೆ ಈ ಪತ್ರವನ್ನು ಮುಂದೆ ಅವರ ಮಕ್ಕಳೂ ಓದುತ್ತಾರೆ, ಅಲ್ವಾ?

ಅಳತೆಯ ತಪ್ಪು ಇನ್ನೂ ನಾಜೂಕಿನದು. ಸೈಟು ಪೂರ್ವ-ಪಶ್ಚಿಮ 60, ಉತ್ತರ-ದಕ್ಷಿಣ 40. ಪೂರ್ವ, ಪಶ್ಚಿಮ ಅಂತ ಎರಡು ಮಾಡಿದರೆ ಒಂದೊಂದು ಭಾಗ ಪೂರ್ವ-ಪಶ್ಚಿಮ 30, ಉತ್ತರ-ದಕ್ಷಿಣ 40 ಆಗಬೇಕು. ಕರಡಿನಲ್ಲಿ ಅದು ಅದಲು ಬದಲಾಗಿದೆ. 30×40 ಆದರೂ 40×30 ಆದರೂ ಗುಣಿಸಿದರೆ 1200 ಚದರ ಅಡಿಯೇ, 111.48 ಚದರ ಮೀಟರೇ. ಒಟ್ಟು ಲೆಕ್ಕ ನೋಡಿ ಸರಿ ಅಂದುಕೊಂಡರೆ ಇದು ಎಂದೂ ಸಿಗುವುದಿಲ್ಲ. ಒಂದು ಹಾಳೆಯಲ್ಲಿ ಉತ್ತರವನ್ನು ಮೇಲಿಟ್ಟು ಚೌಕ ಬರೆದು, ನಾಲ್ಕು ಬದಿಗೂ ಅಳತೆ ಮತ್ತು ಪಕ್ಕದವರನ್ನು ತುಂಬಿದರೆ ತಕ್ಷಣ ಕಾಣುತ್ತದೆ: 40 ಅಡಿ ಅಗಲ ಪಶ್ಚಿಮದಿಂದ ಎಳೆದರೆ ತಾಯಿಯ ಭಾಗಕ್ಕೆ 10 ಅಡಿ ನುಗ್ಗುತ್ತದೆ, ಹಿಂದೆ ದಕ್ಷಿಣದಲ್ಲಿ 10 ಅಡಿ ಯಾರದೂ ಅಲ್ಲದೆ ಉಳಿಯುತ್ತದೆ.

ಈ ಚೌಕವನ್ನು ನಾನು ತಾಯಿಗೂ ತೋರಿಸುತ್ತೇನೆ. ದಿಕ್ಕು ಕೇಳಿದರೆ ತಡವರಿಸುವವರೂ "ರಸ್ತೆಗೆ ಮುಖ ಮಾಡಿ ನಿಂತರೆ ಮಗಳ ಭಾಗ ಯಾವ ಕೈಗೆ?" ಅಂದರೆ ಥಟ್ಟನೆ ಹೇಳುತ್ತಾರೆ. ಇಲ್ಲಿ ರಸ್ತೆ ಉತ್ತರಕ್ಕಿದೆ, ಹಾಗಾಗಿ ಎಡಗೈ ಕಡೆ ಪಶ್ಚಿಮ. ಅವರೂ ಎಡಗೈ ಎತ್ತಿದರು.

ಹಳ್ಳಿ ಜಮೀನಾದರೆ ಇನ್ನೊಂದು ತೊಡಕು. ವಿಶ್ವೇಶ್ವರಯ್ಯ ನಾಲೆ ಕಡೆಯ ಹಳೆಯ ಪತ್ರಗಳಲ್ಲಿ ಬರೀ "ಕಾಲುವೆ" ಅಂತ ಇರುತ್ತದೆ. ಅದು ನೀರು ತರುವ ಕಾಲುವೆಯೋ, ಬಸಿಗಾಲುವೆಯೋ ಅಂತ ಸ್ಥಳದವರನ್ನು ಕೇಳದೆ ನಕಲು ಮಾಡಬಾರದು.

ತಿದ್ದಿದ ಷೆಡ್ಯೂಲ್ ಕೊನೆಗೆ ಹೀಗಾಯಿತು: "ಸೈಟ್ ನಂಬರ್ 13ರ ಪೈಕಿ ಪಶ್ಚಿಮದ ಅರ್ಧ ಭಾಗ. ಪೂರ್ವಕ್ಕೆ: ಇದೇ ಸೈಟಿನ ಪೈಕಿ ದಾನ ಕೊಡುವವರು ಉಳಿಸಿಕೊಂಡ ಪೂರ್ವದ ಅರ್ಧ ಭಾಗ. ಪಶ್ಚಿಮಕ್ಕೆ: ಸೈಟ್ ನಂಬರ್ 12. ಉತ್ತರಕ್ಕೆ: ರಸ್ತೆ. ದಕ್ಷಿಣಕ್ಕೆ: ಸೈಟ್ ನಂಬರ್ 27. ಅಳತೆ ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ." ಪತ್ರದ ಒಳಗೆ "ಷೆಡ್ಯೂಲ್ ಸ್ವತ್ತು" ಅಂತ ಬಂದ ಕಡೆಯೆಲ್ಲಾ ಪೂರ್ತಿ ಸೈಟೋ, ಅರ್ಧವೋ ಅಂತ ನೋಡಿ, ಪೂರ್ತಿ ಸೈಟಿಗೆ "ಎ" ಷೆಡ್ಯೂಲ್, ದಾನದ ಭಾಗಕ್ಕೆ "ಬಿ" ಷೆಡ್ಯೂಲ್ ಅಂತ ಬೇರೆ ಮಾಡಿದೆವು. ಖಾತೆ ವಿಭಜನೆಯ ವಿಷಯ ನಗರಸಭೆಯಲ್ಲಿ ಮೊದಲೇ ವಿಚಾರಿಸಿ ಬರಲು ಮನೆಯವರಿಗೆ ಹೇಳಿದೆ.

ಇಷ್ಟಾದ ಮೇಲೂ ರಿಜಿಸ್ಟ್ರೇಷನ್‌ಗಾಗಿ ಕಾವೇರಿ ಪೋರ್ಟಲ್‌ನಲ್ಲಿ ತುಂಬಿದ ವಿವರವನ್ನು ಬೇರೆಯಾಗಿ ಓದಬೇಕು. ಕರಡಿನಲ್ಲಿ ತಿದ್ದಿದ್ದು ಅಲ್ಲಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ನಮ್ಮಲ್ಲಿ ಒಬ್ಬರು ಪತ್ರದಿಂದ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಸ್ಕ್ರೀನ್ ನೋಡುತ್ತಾರೆ. ರಿಜಿಸ್ಟರ್ ಆದಮೇಲೆ ತಪ್ಪು ಸಿಕ್ಕರೆ ತಿದ್ದುಪಡಿ ಪತ್ರಕ್ಕೆ ತಾಯಿ, ಮಗಳು ಇಬ್ಬರೂ ಮತ್ತೆ ಬಂದು ಸಹಿ ಮಾಡಬೇಕು. ಅಷ್ಟರಲ್ಲಿ ತಾಯಿ ಇಲ್ಲವಾದರೆ ಅವರ ವಾರಸುದಾರರೆಲ್ಲ ಒಪ್ಪಬೇಕು, ಒಪ್ಪದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು.