ಪರದೆಯ ಕೃಷ್ಣ, ಕೈಯ ಅರ್ಘ್ಯ

2020ರ ಅಷ್ಟಮಿ ಉಡುಪಿಗೆ ಬಂದದ್ದು ಸೆಪ್ಟೆಂಬರ್ 10ಕ್ಕೆ. ಉತ್ತರದವರ ಜನ್ಮಾಷ್ಟಮಿ ಆಗಸ್ಟ್‌ನಲ್ಲೇ ಮುಗಿದಿತ್ತು. ನಮ್ಮದು ಸೌರಮಾನ, ಸಿಂಹ ಮಾಸದ ಅಷ್ಟಮಿ. ಕೊರೋನಾದಿಂದ ಮುಚ್ಚಿದ್ದ ರಾಜ್ಯದ ದೇವಸ್ಥಾನಗಳಿಗೆ ಜೂನ್‌ನಲ್ಲೇ ಬಾಗಿಲು ತೆರೆಯಲು ಅನುಮತಿ ಸಿಕ್ಕಿತ್ತಾದರೂ ಕೃಷ್ಣಮಠ ಭಕ್ತರಿಗೆ ತೆರೆದದ್ದು ಸೆಪ್ಟೆಂಬರ್ ಕೊನೆಗೆ. ಹಾಗಾಗಿ ಆ ವರ್ಷ ರಥಬೀದಿಯಲ್ಲಿ ಜನಸಾಗರವಿಲ್ಲ, ಹುಲಿವೇಷದ ತಾಸೆಯ ಪೆಟ್ಟಿಲ್ಲ. ಮಂಗಳೂರಿನ ನಮ್ಮ ಮನೆಯಲ್ಲಿ ಮೂಡೆ ಕಟ್ಟಿದ್ದಾಯಿತು, ಚಕ್ಕುಲಿ ಉಂಡೆ ಮಾಡಿದ್ದಾಯಿತು. ನಡುರಾತ್ರಿಗೆ ಮಠದ ಪೂಜೆಯ ನೇರಪ್ರಸಾರ ನೋಡಲು ಎಲ್ಲರೂ ಫೋನಿನ ಮುಂದೆ ಕೂತೆವು.

ಆಗ ಅತ್ತೆ ಕೇಳಿದ ಪ್ರಶ್ನೆಯನ್ನು ವಿದ್ವಾಂಸರು ಬೇರೆ ಮಾತಿನಲ್ಲಿ ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ಅತ್ತೆ ಕೇಳಿದ್ದು ಇಷ್ಟೆ: "ಸ್ವಾಮಿಗಳು ಅರ್ಘ್ಯ ಬಿಡುವುದನ್ನು ನೋಡಿದರೆ ಸಾಕಾ, ನಾವೂ ಬಿಡಬೇಕಾ?"

ಮೊದಲು ದರ್ಶನದ ಮಾತು. ದೇವರನ್ನು ನೋಡುವುದು ಮಾತ್ರ ದರ್ಶನವಲ್ಲ, ದೇವರು ನಮ್ಮನ್ನು ನೋಡುವುದೂ ಸೇರಿದರೇ ದರ್ಶನ ಎಂದು ವಿವರಿಸಿದವರಲ್ಲಿ ಅಮೆರಿಕದ ಡಯಾನಾ ಎಕ್ ಹೆಸರಾದವರು. ಇದನ್ನು ಒಪ್ಪಿದರೆ ನೇರಪ್ರಸಾರದ ಬಗ್ಗೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ಕ್ಯಾಮೆರಾ ಕೃಷ್ಣನನ್ನು ನಮಗೆ ತೋರಿಸುತ್ತದೆ ಸರಿ, ನಮ್ಮನ್ನು ಕೃಷ್ಣನಿಗೆ ತೋರಿಸುವವರು ಯಾರು?

ಉಡುಪಿಯಲ್ಲಿ ನಿಂತು ಯೋಚಿಸಿದರೆ ಈ ಪ್ರಶ್ನೆ ಅಷ್ಟೇನೂ ಹೆದರಿಸುವುದಿಲ್ಲ. ಇಲ್ಲಿ ಎದುರಿಗೆ ನಿಂತು ಕೃಷ್ಣನನ್ನು ನೋಡಿದ ಸಾಮಾನ್ಯ ಭಕ್ತ ಯಾವ ಕಾಲಕ್ಕೂ ಇಲ್ಲ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ, ಆ ದಿಕ್ಕಿನಲ್ಲಿ ಬಾಗಿಲಿಲ್ಲ. ಒಳಗಿನ ನವಗ್ರಹ ಕಿಂಡಿಯ ಒಂಬತ್ತು ತೂತುಗಳಿಗೆ ಕಣ್ಣು ಹಚ್ಚಿ ನೋಡಬೇಕು, ಇಲ್ಲವೇ ಹೊರಗೆ ಕನಕನ ಕಿಂಡಿಯಿಂದ. ಬೆಳ್ಳಿಯ ಚೌಕಟ್ಟು, ಅದರಾಚೆ ದೀಪದ ಬೆಳಕು, ಆ ಬೆಳಕಿನಲ್ಲಿ ಕಡಗೋಲು ಹಿಡಿದ ಪುಟ್ಟ ಮೂರ್ತಿ. ಹಿಂದಿನವರು ತಳ್ಳುವಷ್ಟರಲ್ಲಿ ಮುಖ ಕಂಡರೆ ಪಾದ ಕಾಣದು, ಪಾದ ಕಂಡರೆ ಆ ದಿನದ ಅಲಂಕಾರ ಕಾಣದು. ಗರ್ಭಗುಡಿಯೊಳಗೆ ಹೋಗಿ ಮೂರ್ತಿ ಮುಟ್ಟಿ ಪೂಜಿಸುವುದು ಅಷ್ಟಮಠದ ಯತಿಗಳಿಗೆ ಮಾತ್ರ. ಉಳಿದ ನಮಗೆಲ್ಲ ಹಿಂದಿನಿಂದಲೂ ನಡುವೆ ಒಂದು ಚೌಕಟ್ಟು ಇದ್ದೇ ಇದೆ. ಕನಕದಾಸರ ಐತಿಹ್ಯವನ್ನು ನಂಬುವವರು ಇನ್ನೂ ಒಂದು ಮಾತು ಸೇರಿಸಿಯಾರು: ಆ ಕತೆಯಲ್ಲಿ ಭಕ್ತ ಗೋಡೆಯ ಆಚೆಗೇ ನಿಂತಿದ್ದ, ತಿರುಗಿದವನು ದೇವರು.

ಮಾಧ್ವರ ಸಿದ್ಧಾಂತ ಈ ವಿಷಯದಲ್ಲಿ ಸ್ಪಷ್ಟ. ಪ್ರತಿಮೆಯೇ ದೇವರಲ್ಲ, ಪ್ರತಿಮೆಯಲ್ಲಿ ದೇವರ ಸನ್ನಿಧಾನವಿದೆ. ಅದೇ ದೇವರು ಬಿಂಬರೂಪದಿಂದ ಪ್ರತಿ ಜೀವಿಯ ಒಳಗೂ ಇದ್ದಾನೆ. ಪೂಜೆಗೆ ಕೂತವರು ಒಳಗಿನ ಬಿಂಬವನ್ನು ಚಿಂತಿಸಿ, ಎದುರಿನ ಪ್ರತಿಮೆಯಲ್ಲಿ ಆವಾಹಿಸಿ ಪೂಜೆ ಮಾಡುತ್ತಾರೆ. ಹಾಗಿರುವಾಗ ದೇವರು ನಮ್ಮನ್ನು ನೋಡುವುದಕ್ಕೆ ಕ್ಯಾಮೆರಾದ ಹಂಗಿಲ್ಲ, ನವಗ್ರಹ ಕಿಂಡಿಯದ್ದೂ ಇಲ್ಲ. ಆದರೆ ಇದೇ ವಾದ ಇನ್ನೊಂದು ಕಡೆಗೂ ಕತ್ತರಿಸುತ್ತದೆ. ಫೋನಿನ ಗಾಜಿಗೆ ಆವಾಹನೆ ಆಗಿಲ್ಲ. ಅದರ ಮೇಲೆ ಮೂಡುವುದು ಸನ್ನಿಧಾನವಿರುವ ಮೂರ್ತಿಯ ಚಿತ್ರ. ಮನೆಯ ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ ನಾವು ಕೈ ಮುಗಿಯುತ್ತೇವಲ್ಲ, ಅದಕ್ಕಿಂತ ಇದು ಕಡಿಮೆಯಲ್ಲ. ಆದರೆ ಅದಕ್ಕೆ ಆರತಿ ಎತ್ತಿದ ಕೂಡಲೇ ಗರ್ಭಗುಡಿಗೆ ಎತ್ತಿದಂತೆ ಆಯಿತು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಿಕೋಲ್ ಕರಪನಾಜಿಯೋಟಿಸ್ ಎಂಬ ಸಂಶೋಧಕಿ ಕೊರೋನಾಕ್ಕೆ ಹತ್ತು ವರ್ಷ ಮೊದಲೇ ವೈಷ್ಣವರ ಆನ್‌ಲೈನ್ ಪೂಜೆಯ ಬಗ್ಗೆ ಬರೆದಿದ್ದರು. ಅವರ ಮುಖ್ಯ ಪ್ರಶ್ನೆ ಮಡಿಯದ್ದು. ಊಟದ ಮೇಜಿನ ಮೇಲೆ, ಹಾಸಿಗೆಯ ಪಕ್ಕ, ಕಂಡ ಕಂಡದ್ದಕ್ಕೆಲ್ಲ ಬಳಸುವ ಯಂತ್ರದಲ್ಲಿ ದೇವರು ಬಂದರೆ ಭಕ್ತರು ಏನು ಮಾಡುತ್ತಾರೆ? ನಮ್ಮ ಮನೆಯಲ್ಲಿ ಇದಕ್ಕೆ ಚರ್ಚೆ ನಡೆಯಲಿಲ್ಲ, ಕೆಲಸ ನಡೆಯಿತು. ಅತ್ತೆ ಫೋನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆಯ ಮೇಲೆ ನಿಲ್ಲಿಸಿದರು. ದೇವರ ಕೋಣೆಯೊಳಗೆ ಮಾತ್ರ ಬಿಡಲಿಲ್ಲ. ಹೊಸ್ತಿಲ ಹೊರಗೆ ಮಣೆ, ಒಳಗೆ ನಂದಾದೀಪ. ಹೊಸ್ತಿಲೇ ಉತ್ತರ ಹೇಳಿದ ಹಾಗಾಯಿತು. ಇಷ್ಟೆಲ್ಲ ಮಾಡಿಯೂ ನಡುವೆ ಜಾಹೀರಾತು ನುಗ್ಗಿ ಯಾವುದೋ ಸಾಬೂನಿನ ಗುಣಗಾನ ಕೇಳಬೇಕಾಯಿತು ಅನ್ನಿ!

ಇನ್ನು ಅರ್ಘ್ಯ. ಅಷ್ಟಮಿಯ ವ್ರತದ ಜೀವ ಇರುವುದು ಇಲ್ಲಿ, ನೋಡುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಸರಿಯಾಗಿ ಬಿಚ್ಚಿಕೊಳ್ಳುವುದೂ ಇಲ್ಲಿ. ಹಗಲಿಡೀ ಉಪವಾಸ. ರಾತ್ರಿ ಪೂಜೆ ಮುಗಿಸಿ, ಚಂದ್ರೋದಯದ ಹೊತ್ತಿಗೆ ಶಂಖದಲ್ಲಿ ಹಾಲು ಅಥವಾ ನೀರು ತುಂಬಿ ಮೊದಲು ಕೃಷ್ಣನಿಗೆ, ಆಮೇಲೆ ಚಂದ್ರನಿಗೆ ಅರ್ಘ್ಯ. ಕೃಷ್ಣನಿಗೆ ಹೇಳುವ ಶ್ಲೋಕ "ಜಾತಃ ಕಂಸವಧಾರ್ಥಾಯ" ಎಂದು ಶುರುವಾಗಿ "ಗೃಹಾಣಾರ್ಘ್ಯಂ ಮಯಾ ದತ್ತಂ ದೇವಕ್ಯಾ ಸಹಿತೋ ಹರೇ" ಎಂದು ಮುಗಿಯುತ್ತದೆ. ನಾನು ಕೊಟ್ಟ ಅರ್ಘ್ಯವನ್ನು ಸ್ವೀಕರಿಸು ಎಂದು. ಕೊಡುವವನೇ ಬಾಯಿಬಿಟ್ಟು ಹೇಳಬೇಕಾದ ಮಾತಿದು. ಪರ್ಯಾಯ ಸ್ವಾಮಿಗಳು ಕೊಟ್ಟದ್ದನ್ನು ಪರದೆಯಲ್ಲಿ ನೋಡಿದವರು ಈ ಮಾತನ್ನು ಹೇಳಲು ಬರುವುದಿಲ್ಲ. ಮಾಮೂಲಿ ವರ್ಷಗಳಲ್ಲಿ ಮಠದಲ್ಲೇ ಇದ್ದವರೂ ಸ್ವಾಮಿಗಳದ್ದಾದ ಮೇಲೆ ಸಾಲಿನಲ್ಲಿ ನಿಂತು ತಾವೂ ಬಿಡುತ್ತಾರೆ.

ಧರ್ಮದ ಬಗ್ಗೆ ಆನ್‌ಲೈನಿನಲ್ಲಿ ಮಾಹಿತಿ ಸಿಗುವುದು ಒಂದು, ಆನ್‌ಲೈನಿನಲ್ಲೇ ಧರ್ಮಾಚರಣೆ ನಡೆಯುವುದು ಇನ್ನೊಂದು ಎಂದು 2000ದ ಸುಮಾರಿಗೆ ವಿಂಗಡಿಸಿದವರು ಕ್ರಿಸ್ಟೋಫರ್ ಹೆಲ್ಲಂಡ್. ಅಷ್ಟಮಿಯ ನೇರಪ್ರಸಾರ ಈ ಎರಡರಲ್ಲೂ ಪೂರ್ತಿ ಕೂರುವುದಿಲ್ಲ. ಅದು ಬರೀ ಮಾಹಿತಿಯಲ್ಲ, ಮನೆಯವರೆಲ್ಲ ಎದ್ದು ನಿಂತು ಕೈ ಮುಗಿದಿದ್ದರು. ಆಚರಣೆಯೂ ಅಲ್ಲ, ಯಾಕೆಂದರೆ ವ್ರತದ ಕರ್ಮ ಫೋನಿನ ಹೊರಗೆ, ಅತ್ತೆಯ ಕೈಯಲ್ಲಿ ನಡೆಯಬೇಕಿತ್ತು.

ಕಾಲದ ಲೆಕ್ಕ ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಚಂದ್ರೋದಯ ಎಲ್ಲ ಊರಿಗೂ ಒಂದೇ ಹೊತ್ತಿಗೆ ಆಗುವುದಿಲ್ಲ. ಉಡುಪಿಯೂ ಮಂಗಳೂರೂ ಹತ್ತಿರ ಹತ್ತಿರ, ಇಲ್ಲಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬೆಂಗಳೂರು ಸುಮಾರು 3 ಡಿಗ್ರಿ ಪೂರ್ವಕ್ಕಿದೆ, ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಚಂದ್ರ ಹತ್ತು ಹನ್ನೆರಡು ನಿಮಿಷ ಮೊದಲೇ ಹುಟ್ಟುತ್ತಾನೆ. ದುಬೈ ಪಶ್ಚಿಮಕ್ಕೆ 19 ಡಿಗ್ರಿ ದೂರ. ಉತ್ತರಕ್ಕೂ ಇರುವುದರಿಂದ ಒಂದಿಷ್ಟು ನಿಮಿಷ ವಾಪಸು ಬಂದು, ಉಡುಪಿಗಿಂತ ಸುಮಾರು ಒಂದು ಗಂಟೆ ತಡವಾಗಿ ಅಲ್ಲಿ ಚಂದ್ರೋದಯ. ಅಂದರೆ ಉಡುಪಿಯ ಅರ್ಘ್ಯವನ್ನು ನೇರಪ್ರಸಾರದಲ್ಲಿ ನೋಡಿ ಅದೇ ಕ್ಷಣಕ್ಕೆ ದುಬೈಯಲ್ಲಿ ಶಂಖ ಎತ್ತಿದವನ ಮುಂದೆ ಚಂದ್ರನೇ ಇಲ್ಲ. ಸಂಕಲ್ಪದಲ್ಲಿ ದೇಶ ಕಾಲ ಎರಡನ್ನೂ ಹೇಳಿ ಶುರು ಮಾಡುವುದು ಸುಮ್ಮನೆ ಅಲ್ಲ. ಕರಾವಳಿಯಲ್ಲಿ ಕೂತವರು ಪರಶುರಾಮಕ್ಷೇತ್ರೇ ಎಂದು ಹೇಳಬಹುದು, ಕೊಲ್ಲಿಯಲ್ಲಿ ಕೂತವರು ಹಾಗೆ ಹೇಳಿದರೆ ಸುಳ್ಳಾಗುತ್ತದೆ.

ಹಾಗೆಂದು ದೂರದಿಂದ ಸೇವೆ ಸಲ್ಲಿಸುವುದೇ ಹೊಸತು ಎಂದು ಗಾಬರಿಯಾಗಬೇಕಿಲ್ಲ. ಮನಿಯಾರ್ಡರ್ ಮಾಡಿ, ಗೋತ್ರ ನಕ್ಷತ್ರ ಬರೆದು ಕಳಿಸಿ, ವಾರದ ಮೇಲೆ ಅಂಚೆಯಲ್ಲಿ ಗಂಧ ಕುಂಕುಮದ ಪೊಟ್ಟಣ ಪಡೆದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬೇಕಾದಷ್ಟು ಮಂದಿ. ಪುರೋಹಿತರು ನಮ್ಮ ಪರವಾಗಿ ಸಂಕಲ್ಪ ಮಾಡುವುದು ಶಾಸ್ತ್ರಕ್ಕೆ ಒಗ್ಗಿದ ದಾರಿ. ಸೇವೆಯ ರಶೀದಿ ಕಾಗದದಿಂದ ಪರದೆಗೆ ಬಂದದ್ದರಲ್ಲಿ ನನಗೆ ಸಮಸ್ಯೆ ಕಾಣುವುದಿಲ್ಲ. ವ್ರತ ಮಾತ್ರ ಬೇರೆ. ಉಪವಾಸವನ್ನು ನನ್ನ ಪರವಾಗಿ ಇನ್ನೊಬ್ಬರು ಮಾಡಲಾರರು.

ಪೂರ್ತಿ ಕಳೆದುಹೋದದ್ದು ಇನ್ನೊಂದು, ಅದರ ಬಗ್ಗೆ ಪಂಡಿತರ ಚರ್ಚೆಯಲ್ಲಿ ಅಷ್ಟಾಗಿ ಮಾತು ಬರುವುದಿಲ್ಲ. ತಿರುಪತಿಯದ್ದು ಕಾಂಚನಬ್ರಹ್ಮ, ಪಂಢರಪುರದ್ದು ನಾದಬ್ರಹ್ಮ, ಉಡುಪಿಯದ್ದು ಅನ್ನಬ್ರಹ್ಮ ಎನ್ನುತ್ತಾರೆ ಹಿರಿಯರು. ಮೊದಲಿನ ಎರಡೂ ತಂತಿಯ ಮೇಲೆ ಸಲೀಸಾಗಿ ಓಡುತ್ತವೆ. ಕಾಣಿಕೆ ಆನ್‌ಲೈನ್ ಹುಂಡಿಗೆ ಬೀಳುತ್ತದೆ, ಅಭಂಗ ಇಯರ್‌ಫೋನಿನಲ್ಲೂ ಅಭಂಗವೇ. ಅನ್ನವೊಂದು ಬರುವುದಿಲ್ಲ. ಭೋಜನಶಾಲೆಯಲ್ಲಿ ಪರಿಚಯವಿಲ್ಲದವರ ಪಕ್ಕ ನೆಲದ ಮೇಲೆ ಕೂತು, ಸಾರು ಹರಿದುಹೋಗದಂತೆ ಅನ್ನಕ್ಕೆ ಕಟ್ಟೆ ಕಟ್ಟಿಕೊಂಡು, ಪಾಯಸಕ್ಕೆ ಕಾಯುವುದು ದರ್ಶನದ ಬಾಲವಲ್ಲ, ಈ ಕ್ಷೇತ್ರದ ಅರ್ಧ ಭಾಗ. ಆ ವರ್ಷ ಮಠದೊಳಗಿನ ಪೂಜೆ ಒಂದೂ ತಪ್ಪಲಿಲ್ಲ. ನಿರ್ಮಾಲ್ಯ ವಿಸರ್ಜನೆಯಿಂದ ಏಕಾಂತ ಸೇವೆಯವರೆಗೆ ದಿನಕ್ಕೆ 14 ಪೂಜೆಗಳು ನಡೆದೇ ನಡೆದವು. ಪೂಜೆಗೆ ನಾವು ಬೇಕಿರಲಿಲ್ಲ. ಪಂಕ್ತಿಗೆ ಬೇಕಿತ್ತು.

ಆ ರಾತ್ರಿ ಅತ್ತೆ ಕೊನೆಗೆ ಪಂಚಾಂಗ ತೆಗೆದು, ಗಡಿಯಾರ ನೋಡಿ, ಸ್ವಾಮಿಗಳ ಅರ್ಘ್ಯ ಪರದೆಯಲ್ಲಿ ಮುಗಿದ ಮೇಲೆ ತುಳಸಿಕಟ್ಟೆಯ ಮುಂದೆ ತಾವೇ ಅರ್ಘ್ಯ ಬಿಟ್ಟರು. ಮೋಡ ಕವಿದು ಚಂದ್ರ ಕಾಣಲಿಲ್ಲ, ಕಾಣಲೇಬೇಕೆಂದೂ ಇಲ್ಲ. ಅಷ್ಟರಲ್ಲಿ ದುಬೈಯಿಂದ ಭಾವನ ಫೋನು. ಅಲ್ಲಿ ಇನ್ನೂ ಹನ್ನೊಂದು ಗಂಟೆಯೂ ಆಗಿರಲಿಲ್ಲ.

"ಅಮ್ಮಾ, ಲೈವ್‌ನಲ್ಲಿ ಆಯಿತಲ್ಲ, ನಾನೂ ಬಿಡ್ಲಾ?"

"ಅದು ಉಡುಪಿಯ ಚಂದ್ರ ಮಗಾ. ನಿನ್ನ ಊರಿನವ ಬರ್ಲಿಕ್ಕೆ ಇನ್ನು ಒಂದು ಗಂಟೆ ಉಂಟು, ಕೂತ್ಕೊ."

"ಹಸಿವಾಗ್ತದೆ ಅಮ್ಮಾ, ಒಂದು ಚಕ್ಕುಲಿ?"

"ಪಾರಣೆ ನಾಳೆ ಬೆಳಿಗ್ಗೆ. ಅದೂ ಅಲ್ಲಿಯ ಬೆಳಿಗ್ಗೆ."