ಲೀಸ್ ಮುಗಿದ ಮೇಲೂ ಲೀಡರ್ ಹಳೇ ವ್ಯಾಲ್ಯೂ ಕೊಟ್ಟಿದ್ದು ಹೇಗೆ

ಒಂದು ಕ್ಲೈಂಟ್ ಬರೆದು ಮುಗಿಸಿದೆ, ಕಮಿಟ್ ಆಯಿತು ಅಂತ ಉತ್ತರವೂ ಸಿಕ್ಕಿದೆ. ಅದಾದ ಮೇಲೆ ಇನ್ನೊಂದು ಕ್ಲೈಂಟ್ ಓದಿದರೆ ಹಳೇ ವ್ಯಾಲ್ಯೂ ಬರುತ್ತಿದೆ. ನಮ್ಮ ರಾಫ್ಟ್ ಸ್ಟೋರ್ ಮೇಲೆ ಇಂಥ ಟಿಕೆಟ್ ಬಂದಾಗ ಎಲ್ಲರ ಬೆರಳೂ ಎನ್‌ಟಿಪಿ ಕಡೆ ತೋರಿಸಿತು. ಲೀಸ್ ಅಂದರೆ ಬಹುಮತ ಒಪ್ಪಿದ ಮೇಲೆ ಇಷ್ಟು ಹೊತ್ತು ಬೇರೆ ಲೀಡರ್ ಬರುವುದಿಲ್ಲ ಅನ್ನುವ ಅವಧಿ, ಅದು ಮುಗಿಯುವವರೆಗೆ ಲೀಡರ್ ಯಾರನ್ನೂ ಕೇಳದೆ ತಾನೇ ಓದಿ ಉತ್ತರ ಕೊಡುತ್ತದೆ. ಅಂದರೆ ಲೀಸ್ ರೀಡ್ ಗಡಿಯಾರದ ಮೇಲಿನ ನಂಬಿಕೆ, ಹಾಗಾಗಿ ಗಡಿಯಾರವೇ ಕೆಟ್ಟಿರಬೇಕು ಅನ್ನುವ ವಾದ. ಆದರೆ ನಾವು ಬಳಸುತ್ತಿದ್ದದ್ದು ಮಾನೋಟಾನಿಕ್ ಗಡಿಯಾರ. ಎನ್‌ಟಿಪಿ ಸಮಯವನ್ನು ಹಿಂದಕ್ಕೆ ಮುಂದಕ್ಕೆ ಹಾರಿಸಿದರೂ ಅದು ಹಾರುವುದಿಲ್ಲ.

ಮುಂದಿನ ಅನುಮಾನ ಜಿಸಿ ಪಾಜ್ ಮೇಲೆ, ಅಂದರೆ ಮೆಮೊರಿ ತೆರವು ಮಾಡಲು ಪ್ರೋಸೆಸ್ ಸ್ವಲ್ಪ ಹೊತ್ತು ನಿಲ್ಲುವುದರ ಮೇಲೆ. ಲೀಸ್ ಇದೆ ಅಂತ ನೋಡಿದ ತಕ್ಷಣ ಪ್ರೋಸೆಸ್ ನಿಂತು, ಆಮೇಲೆ ಎದ್ದು ಓದಿದರೆ ತಪ್ಪಲ್ವಾ? ಇದರ ಮೇಲೆ ರಿವ್ಯೂನಲ್ಲಿ ದೊಡ್ಡ ಜಗಳವೇ ಆಯಿತು. ನಿಧಾನವಾಗಿ ಯೋಚಿಸಿದರೆ ಅದು ತಪ್ಪಲ್ಲ. ರೀಡ್ ಬಂದ ಮೇಲೆ ಲೀಸ್ ನೋಡಿದ್ದೇವೆ, ಆ ಕ್ಷಣದಲ್ಲಿ ನಾವೇ ಲೀಡರ್. ಆ ಕ್ಷಣದ ವ್ಯಾಲ್ಯೂ ಕೊಟ್ಟರೆ ಸಾಕು. ನಡುವೆ ಬೇರೆ ಯಾರಾದರೂ ಬರೆದಿದ್ದರೆ ಆ ರೈಟ್ ಮತ್ತು ಈ ರೀಡ್ ಒಟ್ಟಿಗೇ ನಡೆಯುತ್ತಿದ್ದವು ಅಂತ ಲೆಕ್ಕ. ಉತ್ತರ ತಡವಾಗಿ ಹೋಗುತ್ತದೆ, ಅಷ್ಟೇ.

ಪಾಜ್ ನಿಜವಾಗಿ ಏಟು ಕೊಟ್ಟದ್ದು ಬೇರೆ ಜಾಗದಲ್ಲಿ. ಗಡಿಯಾರ ಓದುವ ಖರ್ಚು ಉಳಿಸಲು ಯಾರೋ ಲೂಪಿನ ಶುರುವಿನಲ್ಲಿ ಒಮ್ಮೆ `now` ತೆಗೆದುಕೊಂಡು, ಆಮೇಲೆ `epoll_wait` ಮಾಡಿ, ಬಂದ ರಿಕ್ವೆಸ್ಟ್‌ಗಳಿಗೆಲ್ಲ ಅದೇ `now` ಬಳಸುತ್ತಿದ್ದರು. ಎಲೆಕ್ಷನ್ ಟೈಮ್‌ಔಟ್ 1000 ಮಿಲಿಸೆಕೆಂಡ್, ಲೀಸ್ 900. ನಡೆದದ್ದು ಹೀಗೆ.

ಸೊನ್ನೆಯಲ್ಲಿ ಆಗಿನ ಲೀಡರ್ ಎ, ತಾನಿನ್ನೂ ಇದ್ದೇನೆ ಅಂತ ಹೇಳುವ ಹಾರ್ಟ್‌ಬೀಟ್ ಕಳಿಸಿತು, ಬಹುಮತ ಬಂತು, ಲೀಸ್ 900ರವರೆಗೆ. 20ರಲ್ಲಿ ಲೂಪ್ ಸಮಯ ಓದಿತು, ಆ ಕ್ಷಣಕ್ಕೇ ಪ್ರೋಸೆಸ್ ಎರಡು ಸೆಕೆಂಡ್ ನಿಂತಿತು. ಹಾರ್ಟ್‌ಬೀಟ್ ಇಲ್ಲದೆ ಬಿ ಎಲೆಕ್ಷನ್‌ಗೆ ನಿಂತು 1300ಕ್ಕೆ ಲೀಡರ್ ಆಯಿತು, 1500ಕ್ಕೆ ಹೊಸ ವ್ಯಾಲ್ಯೂ ಕಮಿಟ್ ಮಾಡಿತು. 1800ಕ್ಕೆ ಹಳೇ ಕನೆಕ್ಷನ್ ಇಟ್ಟುಕೊಂಡಿದ್ದ ಕ್ಲೈಂಟ್‌ನ ರೀಡ್ ಎ ಬಳಿಗೆ ಬಂತು. ಕರ್ನಲ್ ನಿಂತಿಲ್ಲವಲ್ಲ, ರಿಕ್ವೆಸ್ಟ್ ಸಾಕೆಟ್ ಬಫರಿನಲ್ಲಿ ಕಾದು ಕೂತಿತು. 2020ಕ್ಕೆ ಎ ಎದ್ದು ಅದನ್ನು ಎತ್ತಿಕೊಂಡಿತು. ಅದರ ಕೈಯಲ್ಲಿದ್ದ `now` ಮಾತ್ರ ಇನ್ನೂ 20. ಇಪ್ಪತ್ತು 900ಕ್ಕಿಂತ ಕಡಿಮೆ, ಲೀಸ್ ಇದೆ, ತಗೋ ಹಳೇ ವ್ಯಾಲ್ಯೂ.

ಸರಿಪಡಿಸಿದ್ದು ಇಷ್ಟೇ:

```
req := queue.Pop()
now := monotonicNow()
if now < leaseEnd {
    return readLocal(req)
}
return readIndex(req)
```

ಮೊದಲು ರಿಕ್ವೆಸ್ಟ್, ಆಮೇಲೆ ಸಮಯ. `leaseEnd` ಲೆಕ್ಕವನ್ನು ಹಾರ್ಟ್‌ಬೀಟ್ ಕಳಿಸಿದ ಸಮಯದಿಂದಲೇ ಹಿಡಿಯಬೇಕು, ಉತ್ತರ ಬಂದ ಸಮಯದಿಂದ ಅಲ್ಲ. ಫಾಲೋವರ್‌ಗಳ ಟೈಮರ್ ಉತ್ತರ ನಮಗೆ ತಲುಪುವ ಮೊದಲೇ ಓಡಲು ಶುರುವಾಗಿರುತ್ತದೆ.

ಲೀಸ್ ಮುಗಿದಿದ್ದಾಗ ಬಳಸುವ ರೀಡ್ ಇಂಡೆಕ್ಸ್‌ನಲ್ಲೂ ಇದೇ ಕ್ರಮ. ರೀಡ್ ಬಂದಾಗಿನ ಕಮಿಟ್ ಇಂಡೆಕ್ಸ್ ಬರೆದಿಟ್ಟುಕೊಂಡು, ಆಮೇಲೆ ಒಂದು ಸುತ್ತು ಹಾರ್ಟ್‌ಬೀಟ್ ಕಳಿಸಿ, ಬಹುಮತ ಸಿಕ್ಕ ಮೇಲೆ, ಅಪ್ಲೈ ಆ ಇಂಡೆಕ್ಸ್ ಮುಟ್ಟುವವರೆಗೆ ಕಾದು ಓದಬೇಕು. ಲಾಗ್‌ಗೆ ಏನೂ ಬರೆಯುವುದಿಲ್ಲ, `fsync` ಇಲ್ಲ. ನೂರು ರೀಡ್‌ಗಳಿಗೆ ಒಂದೇ ಸುತ್ತು ಸಾಕು. ಆದರೆ ಆಗಲೇ ಹೊರಟ ಸುತ್ತಿಗೆ ಈಗ ಬಂದ ರೀಡ್ ಸೇರಿಸಬಾರದು, ಅದು ಮುಂದಿನ ಸುತ್ತಿಗೆ ಕಾಯಬೇಕು. ಹೊಸ ಲೀಡರ್ ಆದರೆ ತನ್ನ ಟರ್ಮ್‌ನ ಒಂದು ಖಾಲಿ ಎಂಟ್ರಿ ಕಮಿಟ್ ಆಗುವವರೆಗೆ ರೀಡ್‌ಗೆ ಕೈ ಹಾಕಬಾರದು, ಯಾಕೆಂದರೆ ಅದರ ಕಮಿಟ್ ಇಂಡೆಕ್ಸ್ ಆಗ ಹಿಂದೆ ಬಿದ್ದಿರಬಹುದು.

ಈಗ ಟೆಸ್ಟಿನಲ್ಲಿ ಲೀಡರ್‌ಗೆ `kill -STOP` ಕೊಟ್ಟು, ಹೊಸ ಲೀಡರ್ ಬಳಿ ಬರೆದು, ನಿಂತಿರುವವನಿಗೆ ರೀಡ್ ಕಳಿಸಿ, ಆಮೇಲೆ `kill -CONT` ಕೊಡುತ್ತೇವೆ. ಹಳೇ ಕೋಡ್ ಮೇಲೆ ಈ ಟೆಸ್ಟ್ ಪ್ರತಿ ಸಲ ಫೇಲ್ ಆಗುವುದಿಲ್ಲ. ಲೂಪ್ `now` ತೆಗೆದುಕೊಂಡ ಮೇಲೆ, ರಿಕ್ವೆಸ್ಟ್ ಎತ್ತಿಕೊಳ್ಳುವ ಮೊದಲು ಪಾಜ್ ಬರಬೇಕು. ಹಾಗಾಗಿ ಟೆಸ್ಟನ್ನು ಲೂಪಿನಲ್ಲಿ ಓಡಿಸಲೇಬೇಕು.

ಹೈಪರ್‌ವೈಸರ್ ಇಡೀ ವಿಎಂ ಅನ್ನೇ ನಿಲ್ಲಿಸಿದರೆ ಮಾತ್ರ ಈ ತಿದ್ದುಪಡಿ ಸಾಲದು. ಆಗ ಒಳಗಿನ ಗಡಿಯಾರವೂ ನಿಂತಿರಬಹುದು, ಎಷ್ಟು ಸಲ ಓದಿದರೂ 20 ಅಂತಲೇ ಹೇಳಬಹುದು. ಅಂಥ ಮಷಿನ್‌ಗಳಲ್ಲಿ ಲೀಸ್ ಆಫ್ ಮಾಡಿ ರೀಡ್ ಇಂಡೆಕ್ಸ್ ಹಾಕಿದ್ದೇವೆ. ಅದಕ್ಕೆ ಗಡಿಯಾರವೇ ಬೇಡ, ಒಂದು ನೆಟ್‌ವರ್ಕ್ ಸುತ್ತು ಜಾಸ್ತಿ. ಡ್ಯಾಶ್‌ಬೋರ್ಡಿನಲ್ಲಿ ರೀಡ್ ಲೇಟೆನ್ಸಿ ಏರಿದೆ, ಯಾವಾಗ ಇಳಿಸುತ್ತೀರಿ ಅಂತ ಮ್ಯಾನೇಜರ್ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಾರೆ. ಆ ಮಷಿನ್‌ಗಳು ಇರುವವರೆಗೆ ಇಳಿಸುವುದಿಲ್ಲ ಅಂತ ಹೇಳಿದ್ದೇನೆ.