ಅತ್ತೆಯ ಮನೆ ಮಾರಿದ ದುಡ್ಡು, ಮತ್ತು ದರದಲ್ಲಿ ಎರಡು ರೂಪಾಯಿಯ ವ್ಯತ್ಯಾಸ

14 ಮಾರ್ಚ್ 2024, ಗುರುವಾರ

ಅಣ್ಣನ ಪಾಲಿನ ದುಡ್ಡು ಇವತ್ತು ಅವನ ಖಾತೆಗೆ ಬಂತು. ಬೆಳಿಗ್ಗೆ ಬ್ಯಾಂಕಿನಿಂದ ಫೋನ್ ಬಂದಾಗ ನಾನೂ ಅವನ ಪಕ್ಕದಲ್ಲೇ ಕೂತಿದ್ದೆ. ವಿದೇಶಿ ಹಣ ಬದಲಾಯಿಸುವ ಕೊನೆಯ ದರ ಹೇಳಿ "ಓಕೆ ಅಲ್ವಾ ಸರ್?" ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ಮೊಬೈಲಲ್ಲಿ ಅದೇ ನಿಮಿಷದ ಮಾರುಕಟ್ಟೆ ದರ ನೋಡಿ ತಲೆ ಆಡಿಸಿದೆ. ಅಷ್ಟೇ, ಡೀಲ್ ಬುಕ್ ಆಯಿತು. ಆ ಒಂದು ನಿಮಿಷಕ್ಕೆ ಬರಲು ನಮಗೆ ಒಂದೂವರೆ ತಿಂಗಳು ಹಿಡಿಯಿತು.

ಹೊರದೇಶದಲ್ಲಿದ್ದ ಅತ್ತೆ ತೀರಿಕೊಂಡ ಮೇಲೆ ಅವರ ಮನೆ ನಮ್ಮ ಮೂವರ ಪಾಲಿಗೆ ಬಂತು. ಅಣ್ಣ, ನಾನು, ತಂಗಿ. ದೇಶದ ಹೆಸರು ಬರೆಯುವುದಿಲ್ಲ, ಅದು ನಮ್ಮ ಮನೆಯ ವಿಷಯ. ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ. ಮನೆ ಮಾರಿ, ಅಲ್ಲಿನ ತೆರಿಗೆ, ವಕೀಲರ ಫೀಸು ಎಲ್ಲಾ ಕಳೆದು ಅಲ್ಲಿನ ಹಣದಲ್ಲಿ 1,80,000 ಉಳಿಯಿತು. ಒಬ್ಬೊಬ್ಬರಿಗೆ 60,000. ಅಲ್ಲಿನ ಒಂದಕ್ಕೆ ಇಲ್ಲಿನ ಹಣ ಸುಮಾರು 80.

ಶುರುವಿನಿಂದ ಅಣ್ಣನದು ಒಂದೇ ಮಾತು. "ಈಗ ಬೇಡ ಕಣೋ, 82 ಆಗಲಿ, ಆಮೇಲೆ ತರಿಸೋಣ." ದಿನಾ ಸಂಜೆ ದರ ನೋಡುತ್ತಿದ್ದ. ಹತ್ತು ಪೈಸೆ ಏರಿದರೆ ಖುಷಿ, ಇಳಿದರೆ ಊಟ ಸೇರುತ್ತಿರಲಿಲ್ಲ. ನನಗೆ ಬೇರೆ ಅನುಮಾನ ಇತ್ತು. ಅವನು ನೋಡುತ್ತಿದ್ದದ್ದು ಮಧ್ಯದ ದರ, ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಂಡು ಮಾರುವ ದರಗಳ ನಡುವಿನದು. ಆ ದರ ನಮ್ಮಂಥವರಿಗೆ ಸಿಗುವುದಿಲ್ಲ.

ಅದಕ್ಕೇ ಜನವರಿ ಕೊನೆಯಲ್ಲಿ ಮೊದಲು ಬರೀ 1,000 ಕಳಿಸಿ ನೋಡೋಣ ಎಂದು ಹಟ ಹಿಡಿದೆ. ಆ ದಿನ ಮಧ್ಯದ ದರ ಸರಿಯಾಗಿ 80. ಹಾಗಾದರೆ 80,000 ಬರಬೇಕು. ಮೊಬೈಲಿಗೆ ಬಂದ ಮೆಸೇಜಲ್ಲಿ ಇದ್ದದ್ದು 76,284.

ಉಳಿದದ್ದು ಎಲ್ಲಿ ಹೋಯಿತು ಎಂದು ಹುಡುಕಲು ಅಲ್ಲಿನ ಬ್ಯಾಂಕಿನಿಂದ MT103 ಪ್ರತಿ ತರಿಸಿಕೊಂಡೆವು. ಹಣ ಕಳಿಸಿದಾಗ ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಸಂದೇಶ ಅದು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಅದರಲ್ಲಿ 71A ಎಂಬ ಸಾಲಿನ ಮುಂದೆ SHA ಎಂದಿತ್ತು. ಅಂದರೆ ಖರ್ಚು ಇಬ್ಬರ ಮೇಲೂ. ಕಳಿಸುವವರು ತಮ್ಮ ಬ್ಯಾಂಕಿನ ಫೀಸು ಕೊಡುತ್ತಾರೆ, ದಾರಿಯಲ್ಲಿರುವ ಬ್ಯಾಂಕು ತನ್ನದನ್ನು ಬರುವ ಹಣದಲ್ಲೇ ಮುರಿದುಕೊಳ್ಳುತ್ತದೆ. ಹಾಗೆ 22 ಹೋಗಿ ನಮ್ಮ ಬ್ಯಾಂಕಿಗೆ ಬಂದದ್ದು 978. ಅದನ್ನು ನಮ್ಮ ಬ್ಯಾಂಕು ಒಂದು ಮಾತೂ ಕೇಳದೆ 78ರ ದರದಲ್ಲಿ ಬದಲಾಯಿಸಿ ಖಾತೆಗೆ ಹಾಕಿತ್ತು.

ಆ ರಾತ್ರಿ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಳೆಯ ಮೇಲೆ ಬರೆದೆ. ದಾರಿಯಲ್ಲಿ ಮುರಿದ 22 ಎಂದರೆ ಇಲ್ಲಿನ ಹಣದಲ್ಲಿ 1,760. ದರ 80ರ ಬದಲು 78 ಆದದ್ದರಿಂದ ಹೋದದ್ದು 1,956. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ 1,000ದ ಬದಲು 60,000 ಕಳಿಸಿದರೆ? ಆ 22 ಅಷ್ಟರಲ್ಲೇ ಇರುತ್ತದೆ, ಅದು ಒಂದು ಸಲಕ್ಕೆ ಇಷ್ಟು ಎಂಬ ಲೆಕ್ಕ. ದರದ ಎರಡು ಮಾತ್ರ ಪ್ರತಿ ಒಂದರ ಮೇಲೂ ಬೀಳುತ್ತದೆ. ಅದು 1,20,000 ಆಗುತ್ತದೆ. ಅಣ್ಣ ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಯಾಕೆಂದರೆ ಅವನು 82ಕ್ಕೆ ಕಾಯುತ್ತಿದ್ದದ್ದೂ ಅದೇ ಎರಡಕ್ಕಾಗಿ. ಮಾರುಕಟ್ಟೆಯ ಎರಡು ಬರಬಹುದು, ಬರದೆಯೂ ಇರಬಹುದು. ಬ್ಯಾಂಕಿನ ಎರಡು ಹೋಗುವುದಂತೂ ಖಂಡಿತ. ನಮ್ಮ ಕೈಯಲ್ಲಿ ಇರುವುದು ಎರಡನೆಯದು.

ಹಾಗಂತ ಕಾಯುವುದರ ವಿಷಯ ಬಿಡಲಿಲ್ಲ, ಅದಕ್ಕೂ ಲೆಕ್ಕ ಹಾಕಿದೆವು. ಅಣ್ಣನಿಗೆ ವರ್ಷಕ್ಕೆ ನೂರಕ್ಕೆ 9ರ ಬಡ್ಡಿಯ ಸಾಲ ಇದೆ. ನಾಲ್ಕು ತಿಂಗಳು ಕಾದರೆ ಬಡ್ಡಿಯೇ ನೂರಕ್ಕೆ 3. ಅವನು ಕಾಯುತ್ತಿದ್ದ ಏರಿಕೆ ನೂರಕ್ಕೆ ಎರಡೂವರೆ. ಅಂದರೆ ಅವನು ಅಂದುಕೊಂಡ ಹಾಗೆ ಆದರೂ ನಷ್ಟವೇ. ಅವನು ಈಗಲೇ ತರಿಸುವುದು ಎಂದಾಯಿತು. ತಂಗಿಯ ಮಗಳು ಮುಂದಿನ ವರ್ಷ ಅದೇ ದೇಶಕ್ಕೆ ಓದಲು ಹೋಗುತ್ತಾಳೆ. ಇಲ್ಲಿಗೆ ತಂದು ಮತ್ತೆ ಅಲ್ಲಿಗೆ ಕಳಿಸಿದರೆ ಎರಡು ಸಲ ದರದಲ್ಲಿ ಪೆಟ್ಟು ತಿನ್ನಬೇಕು. ನಿಯಮ ಎಷ್ಟು ದಿನ ಬಿಡುತ್ತದೆ ಎಂದು ಕೇಳಿಕೊಂಡು ಅವಳ ಪಾಲನ್ನು ಅಲ್ಲಿಯೇ ಬಿಟ್ಟೆವು. ನನಗೆ ಸಾಲ ಇಲ್ಲ, ಅವಸರವೂ ಇಲ್ಲ. ಆದರೆ ದರ ಎತ್ತ ಹೋಗುತ್ತದೆ ಎಂದು ಗೊತ್ತಿರುವ ಹಾಗೆ ನಟಿಸಲು ಮನಸ್ಸಿಲ್ಲ. 20,000ದಂತೆ ಮೂರು ಸಲ, ಈಗಲೇ ಗೊತ್ತು ಮಾಡಿದ ತಾರೀಖಿಗೆ ತರಿಸುತ್ತೇನೆ, ಅವತ್ತು ದರ ಎಷ್ಟೇ ಇರಲಿ.

ಮನೆಯ ಕರಾರು ಆದಾಗಲೇ ದರ ಕಟ್ಟಿಹಾಕುವ ಫಾರ್ವರ್ಡ್ ಒಪ್ಪಂದ ಮಾಡಿಸಿ ಎಂದು ಒಬ್ಬರು ಹೇಳಿದ್ದರು. ಕೊಳ್ಳುವವರು ಹಿಂದೆ ಸರಿದರೂ ಆ ದಿನಕ್ಕೆ ಅಷ್ಟು ಹಣ ನಾವು ಕೊಡಲೇಬೇಕು, ಇಲ್ಲದಿದ್ದರೆ ಒಪ್ಪಂದ ಮುರಿಯುವ ನಷ್ಟ ನಮ್ಮ ತಲೆಗೆ. ಕೈಗೆ ಬಾರದ ದುಡ್ಡಿನ ಮೇಲೆ ಅದು ಬೇಡವೆನಿಸಿತು.

ಆಮೇಲೆ ಅಣ್ಣನ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮೇಡಂ ಹತ್ತಿರ ಕೂತೆವು. ಕೇಳಿದ್ದು ಎರಡೇ. ಹಣ ಬಂದ ತಕ್ಷಣ ಬದಲಾಯಿಸಬೇಡಿ, ಮೊದಲು ಫೋನ್ ಮಾಡಿ. ಬೋರ್ಡಿನ ದರ ಬೇಡ, ನಿಮ್ಮ ಟ್ರೆಷರಿಯಿಂದ ದರ ಕೇಳಿ ಕೊಡಿ. ಬೋರ್ಡಿನ ದರ ಎಂದರೆ ಬ್ಯಾಂಕು ಎಲ್ಲರಿಗೂ ಎಂದು ಹಾಕಿಡುವ ದರ, ಅದು ಚಿಕ್ಕ ಮೊತ್ತದವರಿಗೆ. ದೊಡ್ಡ ಮೊತ್ತಕ್ಕೆ ಟ್ರೆಷರಿಯವರು, ಅಂದರೆ ಬ್ಯಾಂಕಿನಲ್ಲಿ ವಿದೇಶಿ ಹಣ ಕೊಂಡು ಮಾರುವ ವಿಭಾಗದವರು, ಆ ಕ್ಷಣದ ದರ ಕೊಡುತ್ತಾರೆ. ಅದಕ್ಕೆ ಬಾಯಿಬಿಟ್ಟು ಕೇಳಬೇಕು, ಅದನ್ನೂ ಹಣ ಬರುವ ಮೊದಲೇ ಕೇಳಬೇಕು. ಬದಲಾಯಿಸಿ ಖಾತೆಗೆ ಹಾಕಿದ ಮೇಲೆ ಯಾರೂ ಹಿಂದಕ್ಕೆ ತಿರುಗಿಸುವುದಿಲ್ಲ. ಅಲ್ಲಿನ ವಕೀಲರಿಗೂ ಬರೆದೆವು: ಅಲ್ಲಿನ ಹಣದಲ್ಲೇ ಕಳಿಸಿ, ಅಲ್ಲಿ ಬದಲಾಯಿಸಬೇಡಿ, 71Aಯಲ್ಲಿ OUR ಹಾಕಿಸಿ. ಆಗ ದಾರಿಖರ್ಚು ಅಲ್ಲಿಯೇ ಮುಗಿಯುತ್ತದೆ, ಹೊರಟ 60,000 ಹಾಗೆಯೇ ಇಲ್ಲಿಗೆ ಬರುತ್ತದೆ.

ಇಷ್ಟೆಲ್ಲಾ ಮಾಡಿಯೂ ಒಂದು ಕಡೆ ಎಡವಿದೆವು. ಹಣ ಬಂದದ್ದು ಸೋಮವಾರ, ಮೂರು ದಿನ ತಡೆದಿಟ್ಟರು. ಕಳಿಸಿದವರ ಹೆಸರಿನ ಜಾಗದಲ್ಲಿ ವಕೀಲರ ಕಚೇರಿಯ ಹೆಸರಿತ್ತು. ಇಲ್ಲಿ ಅದನ್ನು ನೋಡಿದವರಿಗೆ ಯಾರೋ ಗೊತ್ತಿಲ್ಲದ ಸಂಸ್ಥೆ ಇಷ್ಟು ದೊಡ್ಡ ಮೊತ್ತ ಯಾಕೆ ಕಳಿಸಿದೆ ಎಂಬ ಪ್ರಶ್ನೆ. ಅವರು ಕೇಳಿದ್ದು ತಪ್ಪಲ್ಲ. ವಿಲ್ಲು ಸರಿ ಎಂದು ಕೋರ್ಟು ಕೊಟ್ಟ ಪ್ರೊಬೇಟ್, ಮಾರಾಟದ ಪತ್ರ, ತೆರಿಗೆ ಕಟ್ಟಿದ ರಸೀತಿ, ಮೂವರ ಪಾಲಿನ ವಕೀಲರ ಲೆಕ್ಕಪತ್ರ, ಇವನ್ನು ಒಂದು ವಾರ ಮುಂಚೆಯೇ ಕೊಟ್ಟಿದ್ದರೆ ಆ ಮೂರು ದಿನ ಉಳಿಯುತ್ತಿತ್ತು. ಆ ಮೂರು ದಿನದಲ್ಲಿ ದರ ಸ್ವಲ್ಪ ಇಳಿಯಿತು ಕೂಡ.

ಇವತ್ತು ಬೆಳಿಗ್ಗೆ ಮಧ್ಯದ ದರ 79.90. ಬೋರ್ಡಿನಲ್ಲಿ 77.90. ಫೋನಿನಲ್ಲಿ ಮೊದಲು ಹೇಳಿದ್ದು 79.20. ಅಣ್ಣ "ಇನ್ನೊಂದು ಸಲ ಕೇಳಿ ನೋಡಿ ಮೇಡಂ" ಎಂದ. ಹೋಲ್ಡಲ್ಲಿ ಇಟ್ಟರು. ಎರಡು ನಿಮಿಷ ಕಳೆದು 79.50 ಎಂದರು. ಮಧ್ಯದ ದರ ಅಲ್ಲಾಡಿರಲಿಲ್ಲ, ಅಂದರೆ ಅವರ ಕಡೆ ಹೋಗುವುದು ಪ್ರತಿ ಒಂದಕ್ಕೆ 40 ಪೈಸೆ, ನೂರಕ್ಕೆ ಅರ್ಧ. ಖಾತೆಗೆ 47,70,000 ಬಂತು. ಬೋರ್ಡಿನ ದರದಲ್ಲಿ ಆಗಿದ್ದರೆ 96,000 ಕಡಿಮೆ ಬರುತ್ತಿತ್ತು.

ನನ್ನ 20,000ಕ್ಕೆ 79.30ರ ಹತ್ತಿರ ಕೊಡಬಹುದು ಎಂದರು ಮೇಡಂ, ಮೊತ್ತ ಚಿಕ್ಕದಾದಷ್ಟು ಅಂತರ ಜಾಸ್ತಿ. ಅಣ್ಣನಿಗೆ ಸಿಕ್ಕ ದರಕ್ಕೆ ಹೋಲಿಸಿದರೆ ಒಂದು ಕಂತಿಗೆ 4,000 ಹೆಚ್ಚು ಹೋಗುತ್ತದೆ. ಪರವಾಗಿಲ್ಲ, ಒಂದೇ ದಿನದ ದರಕ್ಕೆ ಎಲ್ಲವನ್ನೂ ಕಟ್ಟಿಹಾಕದಿರಲು ಅಷ್ಟು ಕೊಡುತ್ತೇನೆ.

ಮಧ್ಯಾಹ್ನ ಅಣ್ಣ ಸಾಲದ ಬ್ಯಾಂಕಿಗೆ ಹೋದ. ಸಂಜೆ ಇಬ್ಬರೂ ಚಹಾ ಕುಡಿಯುವಾಗ ಗಮನಿಸಿದೆ, ಮೊಬೈಲು ಮೇಜಿನ ಮೇಲೆ ಕವುಚಿ ಬಿದ್ದಿತ್ತು, ದರ ನೋಡಲು ಅವನು ಅದನ್ನು ಎತ್ತಿಕೊಳ್ಳಲಿಲ್ಲ. ನನ್ನ ಮೊದಲ ಕಂತು ಏಪ್ರಿಲ್ 15ಕ್ಕೆ. ಕಾಗದದ ಕಟ್ಟು ನಾಳೆಯೇ ನನ್ನ ಬ್ಯಾಂಕಿಗೆ ಕೊಟ್ಟು ಬರುತ್ತೇನೆ.